ಮುರಿದ ಹೊರಲಿಂಕ್ ಹುಡುಕಲು ಎಕ್ಸ್‌ಟೆನ್ಷನ್ ಸಾಕೇ, ಕ್ರಾಲರ್ ಬೇಕೇ?

ಬೇರೆಯವರ ಬ್ಲಾಗಿನಲ್ಲಿ ಮುರಿದ ಹೊರಲಿಂಕ್ ಹುಡುಕಿ, ಅದರ ಬದಲಿಗೆ ನಿಮ್ಮ ಲೇಖನವನ್ನು ಅಲ್ಲಿನ ಲೇಖಕರಿಗೆ ಪತ್ರ ಬರೆದು ಸೂಚಿಸುವುದು ಇಲ್ಲಿನ ಉದ್ದೇಶ. ಆ ಬ್ಲಾಗಿನ ಒಂದೇ ಪುಟವನ್ನು ಪರೀಕ್ಷಿಸುವವರಿಗೆ Check My Links ಎಂಬ ಕ್ರೋಮ್ ಎಕ್ಸ್‌ಟೆನ್ಷನ್ ಸಾಕು; ಮುರಿದ ಲಿಂಕ್‌ಗಳನ್ನು ಅದು ಕೆಂಪಾಗಿ ತೋರಿಸುತ್ತದೆ. ಇಡೀ ಬ್ಲಾಗನ್ನು ಜಾಲಾಡಬೇಕಿದ್ದರೆ Screaming Frog ಎಂಬ ಕ್ರಾಲರ್ ಉತ್ತಮ: ಅದರ ಉಚಿತ ಆವೃತ್ತಿ 500 ವಿಳಾಸಗಳವರೆಗೆ ಸಾಗುತ್ತದೆ, 404, ಅಂದರೆ ಪುಟ ಸಿಗಲಿಲ್ಲ, ಎಂದು ಕಂಡ ಹೊರಲಿಂಕನ್ನು ಆರಿಸಿ Inlinks ತೆರೆದರೆ ಅದು ಯಾವ ಲೇಖನದ ಯಾವ ಪದಗಳಿಗೆ ಅಂಟಿದೆಯೆಂಬುದೂ ಸಿಗುತ್ತದೆ. ಲೇಖಕರಿಗೆ ಬರೆಯುವ ಪತ್ರಕ್ಕೆ ಈ ವಿವರವೇ ಆಧಾರವಾದ್ದರಿಂದ ನನ್ನ ಒಲವು ಇದರ ಕಡೆಗಿದೆ.

ಆದರೆ ಎರಡನ್ನೂ ಕುರುಡಾಗಿ ನಂಬುವಂತಿಲ್ಲ. ಪ್ರವೇಶವಿಲ್ಲ ಎನ್ನುವ 403 ಬಂದಾಗ ಪುಟ ಸರಿಯಾಗಿಯೇ ಇದ್ದು, ಸರ್ವರ್ ಉಪಕರಣವನ್ನಷ್ಟೇ ತಡೆದಿರಬಹುದು; ಅವಧಿ ಮುಗಿದ ಡೊಮೇನ್ ಜಾಹೀರಾತು ಪುಟವಾಗಿದ್ದರೆ ಎಲ್ಲ ಸರಿ ಎನ್ನುವ 200 ಬಂದು ದೋಷ ಮರೆಯಾಗುತ್ತದೆ. ಆದ್ದರಿಂದ ಲಿಂಕನ್ನು ಸ್ವತಃ ತೆರೆದು ನೋಡಿ, ಹಳೆಯ ಪುಟವನ್ನು ಜಾಲಪುಟಗಳ ಹಿಂದಿನ ಪ್ರತಿಗಳನ್ನು ಉಳಿಸಿಡುವ Wayback Machine ಮೂಲಕ ಓದಿ. ಅದು ಹನಿ ನೀರಾವರಿಯ ಫಿಲ್ಟರ್ ಶುಚಿಗೊಳಿಸುವ ಕ್ರಮವನ್ನು ಹೇಳುತ್ತಿತ್ತೆನ್ನಿ. ನಿಮ್ಮ ಲೇಖನವೂ ಅದನ್ನೇ ವಿವರಿಸಿದಾಗ ಮಾತ್ರ ಬದಲಿಯಾಗಿ ಸೂಚಿಸಿ.