ಹಳೇ ಲೆನ್ಸಿನ ಪವರ್ ನೋಡಿ ಹೊಸ ಕನ್ನಡಕ ಮಾಡಿಸುವ ಮುನ್ನ

ಅರವತ್ತು ದಾಟಿದವರೊಬ್ಬರ ಐದು ವರ್ಷದ ಕನ್ನಡಕ ಮುರಿಯಿತು, ಚೀಟಿಯೂ ಕಳೆದಿತ್ತು. ಅಂಗಡಿಯಲ್ಲಿ ಹಳೇ ಲೆನ್ಸನ್ನು ಲೆನ್ಸೋಮೀಟರಿನಲ್ಲಿಟ್ಟು ನೋಡಿದರು. ದೂರದ ಪವರ್ ಎರಡೂ ಕಣ್ಣಿಗೆ ಮೈನಸ್ 1.00 ಎಂದು ಬಂತು, ಅದನ್ನೇ ಹೊಸ ಫ್ರೇಮಿಗೆ ಹಾಕಿಕೊಟ್ಟರು. ಆದರೂ ರಾತ್ರಿ ಎದುರು ಬರುವ ಗಾಡಿಗಳ ಲೈಟು ಹರಡಿಕೊಂಡೇ ಕಾಣುತ್ತಿತ್ತು. ಹೊಸದಲ್ಲವೇ, ಒಗ್ಗಿಹೋಗುತ್ತದೆ ಎಂದು ತಿಂಗಳುಗಟ್ಟಲೆ ಸುಮ್ಮನಿದ್ದರು. ಕೊನೆಗೆ ಪರೀಕ್ಷೆ ಮಾಡಿಸಿದಾಗ ಬಲಗಣ್ಣಿನ ಪವರ್ ಮೈನಸ್ 2.50, ಕಾರಣ ಪೊರೆ.

ಆ ಯಂತ್ರ ಅಳೆಯುವುದು ಲೆನ್ಸನ್ನು, ಕಣ್ಣನ್ನಲ್ಲ. ಐದು ವರ್ಷದ ಹಿಂದಿನ ಕಣ್ಣಿಗೆ ಹೊಸ ಕನ್ನಡಕ ಸಿಕ್ಕಿತು, ಅಷ್ಟೇ. ಬಲಗಣ್ಣಿಗೆ ಇನ್ನೂ 1.50 ಮೈನಸ್ ಕಡಿಮೆ ಬಿದ್ದಿದ್ದರಿಂದ ಸುಮಾರು 67 ಸೆಂ.ಮೀ. ಆಚೆಗೆ ಮಂಜು. ಸರಿಯಿದ್ದ ಎಡಗಣ್ಣು ಆ ಕೊರತೆಯನ್ನು ಮುಚ್ಚಿಬಿಟ್ಟಿತ್ತು. ಪೊರೆಯಲ್ಲಿ ಕಣ್ಣಿನ ಮಸೂರದ ನಡುಭಾಗ ಗಟ್ಟಿಯಾದರೆ ಮೈನಸ್ ಏರುತ್ತದೆ. ಆಗ ಕನ್ನಡಕವಿಲ್ಲದೆ ಓದುವುದು ಸುಲಭವಾಗುವುದೂ ಉಂಟು. ದೃಷ್ಟಿ ಸುಧಾರಿಸಿತು ಎಂದು ಖುಷಿಪಡುವವರು ಮೋಸಹೋಗುವುದು ಇಲ್ಲೇ.

ಚೀಟಿಯ ಅವಧಿ ಊರಿನ ಕಾನೂನಿಗೆ ತಕ್ಕಂತೆ ಬೇರೆಬೇರೆ. ಸಾಮಾನ್ಯವಾಗಿ ದೊಡ್ಡವರಿಗೆ ಒಂದರಿಂದ ಎರಡು ವರ್ಷ, ಮಕ್ಕಳಿಗೆ ಒಂದು ವರ್ಷ ಅಥವಾ ಅದಕ್ಕೂ ಕಡಿಮೆ. ಅವಧಿ ಮುಗಿದ ದಿನವೇನೂ ಲೆನ್ಸ್ ಕೆಡುವುದಿಲ್ಲ, ಕಣ್ಣು ಮತ್ತೆ ತೋರಿಸುವ ಹೊತ್ತಾಯಿತು ಎಂದು ಮಾತ್ರ ಅರ್ಥ. ನಲವತ್ತರಿಂದ ಅರವತ್ತರವರೆಗೆ ಓದುವ ಪವರ್ ಏರುತ್ತಲೇ ಹೋಗುವುದರಿಂದ, ದೂರಕ್ಕೆ ಸರಿಯಿರುವ ಜೋಡಿ ಓದಲು ಸಾಲದೆ ಹೋಗಬಹುದು.

ಹಳೆಯ ಜೋಡಿ ಸಾಕೇ ಎಂದು ಮನೆಯಲ್ಲೇ ಒಂದು ಅಂದಾಜು ಸಿಗುತ್ತದೆ. ಲೆನ್ಸ್ ತೊಳೆದು, ಫ್ರೇಮ್ ಸರಿಯಾಗಿ ಕೂತಿದೆಯೇ ನೋಡಿ. ಹಗಲಲ್ಲಿ ದೂರದ ಬೋರ್ಡೊಂದನ್ನು ಒಂದು ಕಣ್ಣು ಪೂರ್ತಿ ಮುಚ್ಚಿ ಓದಿ, ಆಮೇಲೆ ಇನ್ನೊಂದು. ಅಂಗೈಯಿಂದ ಕಣ್ಣುಗುಡ್ಡೆ ಒತ್ತಬೇಡಿ, ಒತ್ತಿದ ಕಣ್ಣು ಸ್ವಲ್ಪ ಹೊತ್ತು ಮಂಜಾಗುತ್ತದೆ. ಒಂದರಲ್ಲಿ ಅಕ್ಷರ ಮಸುಕಾದರೆ ದಪ್ಪ ಕಾಗದದಲ್ಲಿ ಒಂದು ಮಿ.ಮೀ. ತೂತು ಮಾಡಿ, ಕನ್ನಡಕದ ಮೇಲೇ ಹಿಡಿದು ಅದರೊಳಗಿಂದ ನೋಡಿ. ಅಕ್ಷರ ತಿಳಿಯಾದರೆ ಪವರ್ ಬದಲಾಗಿರುವ ಸಂಭವವೇ ಹೆಚ್ಚು. ತಿಳಿಯಾಗದಿದ್ದರೆ ಮೊದಲು ಲೆನ್ಸನ್ನು ಬೆಳಕಿಗೆ ಹಿಡಿದು ಗೀರು, ಸಿಪ್ಪೆಯೆದ್ದ ಕೋಟಿಂಗ್ ಹುಡುಕಿ. ಅದೂ ಇಲ್ಲವೆಂದರೆ ತೊಂದರೆ ಕಣ್ಣಿನೊಳಗೇ ಇರಬಹುದು, ಅಂಗಡಿ ಬಿಟ್ಟು ಕಣ್ಣಿನ ಡಾಕ್ಟರ ಬಳಿ ಹೋಗಿ.

ಇದೆಲ್ಲ ಸರಿ ಬಂದರೂ ಗ್ಲಾಕೋಮಾ ಇಲ್ಲವೆಂದಾಗದು. ಅದು ಶುರುವಿನಲ್ಲಿ ಅಂಚಿನ ನೋಟ ತಿನ್ನುತ್ತದೆ, ಬೋರ್ಡು ಓದಲು ಬರುತ್ತಲೇ ಇರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರಿಳಿದಾಗ ಪವರೂ ಏರಿಳಿಯುತ್ತದೆ. ಸಕ್ಕರೆ ಕೆಲವು ವಾರ ಒಂದೇ ಮಟ್ಟದಲ್ಲಿ ನಿಂತ ಮೇಲೆ ಹೊಸ ಲೆನ್ಸಿಗೆ ಅಳತೆ ಕೊಡಿ. ಒಂದು ಕಣ್ಣು ದಿಢೀರನೆ ಮಂಜಾದರೆ ಮಾತ್ರ ಕಾಯದೆ ಅವತ್ತೇ ತೋರಿಸಿ.