ನಾಲ್ಕು ಸಾವಿರ ಗಂಟೆ ತುಂಬಿತು, ಆದರೂ ದುಡ್ಡು ಬರಲಿಲ್ಲ: ನಮ್ಮ ಯಕ್ಷಗಾನ ಚಾನೆಲ್ ಕಥೆ

ಕಳೆದ ವಾರ ನಮ್ಮೂರಿನ ವಾಟ್ಸಾಪ್ ಗುಂಪಿಗೆ ಯೂಟ್ಯೂಬ್ ಚಾನೆಲ್ ಇರುವವರಿಗೆ ಅಂತ ಒಂದು ಮೆಸೇಜು ಬಂತು. ‘4,000 ವಾಚ್ ಅವರ್ಸ್, 1,000 ಸಬ್‌ಸ್ಕ್ರೈಬರ್ಸ್, ಹತ್ತೇ ದಿನ, ಮಾನಿಟೈಸೇಶನ್ ಗ್ಯಾರಂಟಿ.’ ನಾನು ನೋಡುವಷ್ಟರಲ್ಲಿ ಇಬ್ಬರು ‘ರೇಟ್ ಎಷ್ಟು ಸರ್?’ ಅಂತ ಕೇಳಿಯೂ ಆಗಿತ್ತು. ಹೋದ ವರ್ಷ ನಾನೂ ಹೀಗೇ ಕೇಳಿದ್ದೆ. ಆರೂವರೆ ಸಾವಿರ ರೂಪಾಯಿ ಹೋಯಿತು. ಅದಕ್ಕಿಂತ ಜಾಸ್ತಿ ಹೊಟ್ಟೆ ಉರಿದದ್ದು ಆಮೇಲೆ ನಾನೇ ಮಾಡಿಕೊಂಡ ಎಡವಟ್ಟಿಗೆ. ಎರಡನ್ನೂ ಬರೆಯುತ್ತೇನೆ.

ನಮ್ಮ ಭಾವ ಹೊನ್ನಾವರದ ಕಡೆ ಮದುವೆ, ಉಪನಯನಕ್ಕೆ ವಿಡಿಯೊ ಮಾಡುವವರು. ಯಕ್ಷಗಾನದ ಹುಚ್ಚು. ರಾತ್ರಿಯಿಡೀ ಕೂತು ಆಟ ರೆಕಾರ್ಡ್ ಮಾಡುತ್ತಾರೆ, ತಮ್ಮದೇ ಯೂಟ್ಯೂಬ್ ಚಾನೆಲಿಗೆ ಐದು ಆರು ತಾಸಿನ ಇಡೀ ಆಟ ಏರಿಸಿ ಸುಮ್ಮನಾಗುತ್ತಾರೆ. ಅಷ್ಟು ಉದ್ದದ್ದನ್ನು ಯಾರು ನೋಡುತ್ತಾರೆ? ‘ಇದರಲ್ಲಿ ಹಾಸ್ಯದ ಭಾಗ, ಒಳ್ಳೆಯ ಪದ್ಯ ಅಷ್ಟೇ ಕತ್ತರಿಸಿ ಬೇರೆ ಚಾನೆಲ್ ಮಾಡಲಾ?’ ಅಂತ ಕೇಳಿದೆ. ‘ತಗೋ ತಮಾ, ಬೇಕಾದ್ದು ಹಾಕು’ ಅಂದರು. 2024ರ ನವೆಂಬರಿನಲ್ಲಿ, ಮೇಳಗಳು ತಿರುಗಾಟ ಹೊರಟ ಸಮಯಕ್ಕೆ ಶುರು ಮಾಡಿದೆ. ಎಂಟು ಹತ್ತು ನಿಮಿಷದ ತುಣುಕುಗಳು. ನಡುನಡುವೆ ವೇಷ ಕಟ್ಟುವ ಚೌಕಿಯಲ್ಲಿ ನಾನೇ ಮೊಬೈಲಿನಲ್ಲಿ ತೆಗೆದ ವಿಡಿಯೊಗಳು, ಬಣ್ಣ ಹಚ್ಚುವವರ ಜೊತೆ ಮಾತು. ಫೆಬ್ರವರಿ ಹೊತ್ತಿಗೆ ಸಾವಿರ ಸಬ್‌ಸ್ಕ್ರೈಬರ್ ದಾಟಿತು.

ಇಲ್ಲಿಂದ ಲೆಕ್ಕ ಶುರು. ಜಾಹೀರಾತಿನ ದುಡ್ಡು ಬರಬೇಕಾದರೆ ಯೂಟ್ಯೂಬಿನಲ್ಲಿ ಸಾವಿರ ಸಬ್‌ಸ್ಕ್ರೈಬರ್ ಬೇಕು. ಜೊತೆಗೆ ಕಳೆದ 365 ದಿನದಲ್ಲಿ 4,000 ಗಂಟೆ ವಾಚ್ ಟೈಮ್, ಅಂದರೆ ಜನ ನಮ್ಮ ವಿಡಿಯೊ ನೋಡಿದ ಒಟ್ಟು ಸಮಯ, ಇಲ್ಲವೇ ಕಳೆದ 90 ದಿನದಲ್ಲಿ ಶಾರ್ಟ್ಸಿಗೆ ಒಂದು ಕೋಟಿ ವ್ಯೂಸ್. 4,000 ಗಂಟೆ ಅಂದರೆ 2,40,000 ನಿಮಿಷ. ಜನ ನಮ್ಮ ತುಣುಕನ್ನು ಸರಾಸರಿ ನಾಲ್ಕು ನಿಮಿಷ ನೋಡುತ್ತಿದ್ದರು. ಅಂದರೆ 60 ಸಾವಿರ ವ್ಯೂಸ್ ಬೇಕು. ಆಗದ ಮಾತೇನಲ್ಲ.

ಆದರೆ ನಾನು ಲೆಕ್ಕ ತಪ್ಪಿದ್ದೆ. ನಮ್ಮ ಒಂದು ಶಾರ್ಟ್ಸ್ ಎರಡು ಲಕ್ಷ ವ್ಯೂಸ್ ಹೋಗಿತ್ತು. ಅದರ ಸಮಯವೂ ಸೇರುತ್ತದೆ ಅಂದುಕೊಂಡಿದ್ದೆ. ಶಾರ್ಟ್ಸ್ ಫೀಡಿನಲ್ಲಿ ಬೆರಳು ತಳ್ಳುತ್ತಾ ನೋಡಿದ್ದು 4,000 ಗಂಟೆಗೆ ಒಂದು ನಿಮಿಷವೂ ಸೇರುವುದಿಲ್ಲ. ಪ್ರೈವೇಟ್, ಅನ್‌ಲಿಸ್ಟೆಡ್ ವಿಡಿಯೊ ನೋಡಿದ್ದು ಸೇರುವುದಿಲ್ಲ. ಡಿಲೀಟ್ ಮಾಡಿದ್ದು ಸೇರುವುದಿಲ್ಲ (ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ). ದುಡ್ಡು ಕೊಟ್ಟು ಜಾಹೀರಾತಾಗಿ ಓಡಿಸಿದ ವಿಡಿಯೊದ ಸಮಯವೂ ಇಲ್ಲ. ಹೀಗಾಗಿ ಯೂಟ್ಯೂಬ್ ಸ್ಟುಡಿಯೊದಲ್ಲಿ ಎರಡು ಕಡೆ ಎರಡು ಸಂಖ್ಯೆ ಕಾಣುತ್ತದೆ. ಅನಲಿಟಿಕ್ಸಿನಲ್ಲಿ ಒಟ್ಟು ಸಮಯ. Earn ಪುಟದಲ್ಲಿ ಲೆಕ್ಕಕ್ಕೆ ಸಿಗುವ ಸಮಯ ಮಾತ್ರ. ನಂಬಬೇಕಾದ್ದು ಎರಡನೆಯದನ್ನು. ಮಾರ್ಚ್ ಮೊದಲ ವಾರ ಅಲ್ಲಿ 2,580 ಇತ್ತು.

ಆಗ ಬಂದ ಆ ಪುಣ್ಯಾತ್ಮ. ಹೆಸರು ಬೇಡ, ಈಗ ಅವನ ನಂಬರೂ ಬೇರೆ, ಪ್ರೊಫೈಲಿನ ಫೋಟೊವೂ ಬೇರೆ. ‘1,500 ಅವರ್ಸ್ ಹಾಕಿಸ್ತೀನಿ ಸರ್, ಎಲ್ಲ ರಿಯಲ್ ಜನ, ನಾನ್‌ಡ್ರಾಪ್, ಏರಿದ್ದು ಇಳಿಯಲ್ಲ’ ಅಂದ. ಒಂದು ಉದ್ದ ವಿಡಿಯೊ ಹಾಕಿ ಅಂತ ಹೇಳಿದ, 42 ನಿಮಿಷದ್ದು ಹಾಕಿದೆ. ಮಾರನೇ ದಿನದಿಂದ ಅದರ ಗಂಟೆ ಏರತೊಡಗಿತು. ನಮ್ಮ ಬೇರೆ ವಿಡಿಯೊವನ್ನು ನಾಲ್ಕು ನಿಮಿಷ ನೋಡುವ ಜನ ಇದನ್ನು ಸರಾಸರಿ 38 ನಿಮಿಷ ನೋಡುತ್ತಿದ್ದರು! ಒಂದು ಕಾಮೆಂಟಿಲ್ಲ, ಲೈಕಿಲ್ಲ. ನೋಡುಗರು ಕನ್ನಡ ಕೇಳಿಯೇ ಇರದ ದೇಶಗಳವರು. ಬಡಗುತಿಟ್ಟಿನ ಪದ್ಯವನ್ನು ಅಲ್ಲಿ ಕೂತು 38 ನಿಮಿಷ ಯಾರು ಕೇಳುತ್ತಾರೆ ಅಂತ ಆಗಲೇ ಹೊಳೆಯಬೇಕಿತ್ತು. ಹತ್ತು ದಿನದಲ್ಲಿ ಅನಲಿಟಿಕ್ಸ್ 4,000 ದಾಟಿತು. Earn ಪುಟ ಮಾತ್ರ 2,640ರಲ್ಲೇ ಇತ್ತು. ಕೇಳಿದರೆ ‘ಅಪ್‌ಡೇಟ್ ಆಗ್ತದೆ ಸರ್, ವೇಟ್ ಮಾಡಿ’ ಅಂದ. Earn ಪುಟ ಕೆಲವು ದಿನ ತಡವಾಗಿ ಬದಲಾಗುವುದು ನಿಜ, ಅದಕ್ಕೇ ನಂಬಿದೆ. ಎರಡು ವಾರ ಕಳೆದರೂ ಏನೂ ಆಗಲಿಲ್ಲ. ಆಮೇಲೆ ನನ್ನನ್ನು ಬ್ಲಾಕ್ ಮಾಡಿದ.

ಒಂದು ಲೆಕ್ಕದಲ್ಲಿ ಸೇರದೇ ಇದ್ದದ್ದೇ ಒಳ್ಳೆಯದಾಯ್ತು. ಹೀಗೆ ಗಂಟೆ, ಸಬ್‌ಸ್ಕ್ರೈಬರ್ ಕೊಳ್ಳುವುದು ನಕಲಿ ಎಂಗೇಜ್‌ಮೆಂಟ್ ಅಂತ ನಿಯಮದಲ್ಲೇ ಇದೆ. ವಿಡಿಯೊ ತೆಗೆಯಬಹುದು, ಚಾನೆಲನ್ನೇ ಮುಚ್ಚಬಹುದು. ‘ನೀನು ನನ್ನದಕ್ಕೆ ಮಾಡು, ನಾನು ನಿನ್ನದಕ್ಕೆ ಮಾಡುತ್ತೇನೆ’ ಅನ್ನುವ ಸಬ್‌ಸ್ಕ್ರೈಬ್ ವಿನಿಮಯವೂ ಇದರಲ್ಲೇ ಬರುತ್ತದೆ. ಗೊತ್ತಾದ ದಿನವೇ ಆ 42 ನಿಮಿಷದ ವಿಡಿಯೊ ತೆಗೆದುಹಾಕಿದೆ.

ಏಪ್ರಿಲಿನಲ್ಲಿ ಒಂದು ಹಾಸ್ಯದ ತುಣುಕು ಹೇಗೋ ಓಡಿತು. ತಿಂಗಳ ಕೊನೆಗೆ Earn ಪುಟದಲ್ಲೇ 4,120 ಬಂತು, ಎಲ್ಲ ನಿಜವಾದ ಜನ. ಮೇ ಮೊದಲ ವಾರ ಅರ್ಜಿ ಹಾಕಿದೆ. ಮನೆಯಲ್ಲಿ ಪಾಯಸವೂ ಆಯ್ತು.

ನಾನು ತಿಳಿಯದೇ ಇದ್ದ ಸಂಗತಿ ಇದು: ಸಂಖ್ಯೆ ತುಂಬಿದರೆ ಸಾಲಿನಲ್ಲಿ ನಿಲ್ಲಲು ಜಾಗ ಸಿಗುತ್ತದೆ, ಅಷ್ಟೇ. ಆಮೇಲೆ ಪರಿಶೀಲನೆ, ಅದಕ್ಕೆ ಸಾಮಾನ್ಯವಾಗಿ ಒಂದು ತಿಂಗಳ ಒಳಗಿನ ಸಮಯ. ಎಲ್ಲ ವಿಡಿಯೊ ನೋಡಲು ಆಗದ ಕಾರಣ ಚಾನೆಲಿನ ಮುಖ್ಯ ವಿಷಯ ಏನು, ಜಾಸ್ತಿ ವ್ಯೂಸ್ ಯಾವುದಕ್ಕೆ, ಹೊಸದು ಯಾವುದು, ವಾಚ್ ಟೈಮಿನ ದೊಡ್ಡ ಪಾಲು ಎಲ್ಲಿಂದ ಬಂತು, ತಲೆಬರಹ, ಥಂಬ್‌ನೇಲ್, ವಿವರಣೆ ಹೇಗಿದೆ ಅಂತ ನೋಡುತ್ತಾರೆ. ನಮ್ಮ ಚಾನೆಲಿನಲ್ಲಿ ಈ ಎಲ್ಲದಕ್ಕೂ ಉತ್ತರ ಒಂದೇ. ಭಾವನ ಕ್ಯಾಮೆರಾದ ತುಣುಕುಗಳು.

18 ದಿನಕ್ಕೆ ಉತ್ತರ ಬಂತು. ತಿರಸ್ಕಾರ. ಕಾರಣ: Reused content.

ನನಗೆ ಸಿಟ್ಟು ಬಂತು. ಭಾವನ ಒಪ್ಪಿಗೆ ಇದೆ, ಬೇಕಾದರೆ ಛಾಪಾ ಕಾಗದದಲ್ಲಿ ಬರೆಸಿ ಕೊಡುತ್ತೇನೆ! ಒಂದೇ ಒಂದು ಕಾಪಿರೈಟ್ ಕ್ಲೇಮ್ ಬಂದಿಲ್ಲ. ಆಮೇಲೆ ನಿಯಮವನ್ನು ಕೂತು ಓದಿದಾಗ ತಿಳಿಯಿತು, ಇದಕ್ಕೂ ಕಾಪಿರೈಟಿಗೂ ಸಂಬಂಧವೇ ಇಲ್ಲ. ಕಾಪಿರೈಟಿನಲ್ಲಿ ಕೇಳುವುದು ‘ಹಾಕಲು ನಿನಗೆ ಹಕ್ಕಿದೆಯಾ’ ಅಂತ. ಇಲ್ಲಿ ಕೇಳುವುದು ‘ಇದರಲ್ಲಿ ನೀನು ಮಾಡಿದ್ದೇನು’ ಅಂತ. ಮಾಲೀಕ ಖುಷಿಯಿಂದ ಕೊಟ್ಟಿದ್ದರೂ, ಬೇರೆ ಕಡೆ ಇರುವುದನ್ನೇ ಕತ್ತರಿಸಿ ಜೋಡಿಸಿದರೆ ಅದು ಮರುಬಳಕೆ. ಭಾವನ ಚಾನೆಲಿನಲ್ಲಿ ಇಡೀ ಆಟ ಇದೆ, ನನ್ನದರಲ್ಲಿ ಅದರದೇ ಹತ್ತು ನಿಮಿಷ ಇದೆ. ಶುರುವಿಗೆ ಸಂಗೀತ, ಮೂಲೆಯಲ್ಲಿ ಲೋಗೊ ಹಾಕಿದ್ದೇ ನನ್ನ ಕೆಲಸ. ನೋಡುವವರಿಗೆ ವ್ಯತ್ಯಾಸ ಎಲ್ಲಿ ಕಾಣಬೇಕು? ಅದೇ ತುಣುಕನ್ನು ಇಟ್ಟುಕೊಂಡು ಈ ಪದ್ಯ ಯಾವ ತಾಳದಲ್ಲಿದೆ, ಭಾಗವತರು ಇಲ್ಲಿ ಯಾಕೆ ನಿಲ್ಲಿಸಿದರು, ಆ ಹಾಸ್ಯಗಾರರು ಮಾತನ್ನು ಹೇಗೆ ತಿರುಗಿಸಿದರು ಅಂತ ನನ್ನ ದನಿಯಲ್ಲಿ ಬಿಡಿಸಿ ಹೇಳಿದ್ದರೆ ಮಾತು ಬೇರೆ ಇತ್ತು. (ಮೇಳದವರ, ಕಲಾವಿದರ ಒಪ್ಪಿಗೆ ಅನ್ನುವುದು ಇನ್ನೊಂದು ತಕರಾರು. ಅದನ್ನು ಇಲ್ಲಿ ಎತ್ತುವುದಿಲ್ಲ.)

ಇದರ ಅಣ್ಣತಮ್ಮ ಇನ್ನೊಂದು ನಿಯಮ ಇದೆ. ಒಂದೇ ಅಚ್ಚಿನಲ್ಲಿ ರಾಶಿ ರಾಶಿ ವಿಡಿಯೊ ಮಾಡುವುದರ ಮೇಲೆ. 2025ರ ಜುಲೈಯಲ್ಲಿ ಅದರ ಹೆಸರು ಬದಲಿಸಿ ಇನ್ನಷ್ಟು ಬಿಡಿಸಿ ಹೇಳಿದರು. ದೇವರ ಫೋಟೊ ಇಟ್ಟು, ಹೆಸರು ಮಾತ್ರ ಬದಲಿಸಿ ದಿನಕ್ಕೆ ಐದು ವಿಡಿಯೊ ಹಾಕುವವರು ಇದನ್ನು ಓದಿಕೊಳ್ಳುವುದು ವಾಸಿ.

ಈಗ ನನ್ನ ಎಡವಟ್ಟು. ತಿರಸ್ಕಾರದ ಮೇಲ್ ಓದಿದ ಒಂದೇ ತಾಸಿನಲ್ಲಿ ತಲೆ ಕೆಟ್ಟು 61 ತುಣುಕು ಡಿಲೀಟ್ ಮಾಡಿದೆ. ತಪ್ಪಿರುವುದನ್ನು ತೆಗೆದರೆ ಮುಂದಿನ ಸಲ ಪಾಸ್ ಅಂತ ಲೆಕ್ಕ. ನಾಲ್ಕು ದಿನ ಬಿಟ್ಟು Earn ಪುಟ ತೆರೆದರೆ 4,120 ಇದ್ದದ್ದು 1,380 ಆಗಿತ್ತು. ಸಬ್‌ಸ್ಕ್ರೈಬರ್ 1,640 ಹಾಗೇ ಇದ್ದರು, ಗಂಟೆ ವಿಡಿಯೊ ಜೊತೆಗೇ ಹೋಯಿತು. ಮೊದಲ ತಿರಸ್ಕಾರದ ನಂತರ 30 ದಿನಕ್ಕೆ ಮತ್ತೆ ಅರ್ಜಿ ಹಾಕಬಹುದು, ಎರಡನೇ ಸಲದಿಂದ 90 ದಿನ ಕಾಯಬೇಕು. ನನಗೆ 30 ದಿನ ಕಳೆದರೂ Apply ಬಟನ್ ಬೂದು ಬಣ್ಣದಲ್ಲೇ ಕೂತಿತ್ತು. ಗಂಟೆಯೇ ಇಲ್ಲವಲ್ಲ.

ಮಾಡಬೇಕಾದದ್ದು ಹೀಗಿತ್ತು. ತಿರಸ್ಕಾರ ಬಂದ 21 ದಿನದೊಳಗೆ ಮೇಲ್ಮನವಿ ಹಾಕಬಹುದು. ವಿಡಿಯೊವನ್ನು ನೀವು ನಿಜವಾಗಿ ಹೇಗೆ ಮಾಡುತ್ತೀರಿ ಅಂತ, ಕ್ಯಾಮೆರಾ, ಎಡಿಟಿಂಗ್ ಎಲ್ಲ ತೋರಿಸುವ ಐದು ನಿಮಿಷದೊಳಗಿನ ಅನ್‌ಲಿಸ್ಟೆಡ್ ವಿಡಿಯೊ ಮಾಡಿ ಕಳಿಸಬಹುದು. ಕೆಲಸ ನಿಮ್ಮದೇ ಆಗಿದ್ದರೆ ಇದು ಮಾಡಲೇಬೇಕಾದ್ದು, ಅಲ್ಲಿಯವರೆಗೆ ಯಾವುದನ್ನೂ ಮುಟ್ಟಬೇಡಿ. ನನ್ನ ಹಾಗೆ ಕೆಲಸ ಬೇರೆಯವರದಾಗಿದ್ದರೆ ಮನವಿಯಿಂದ ಹೆಚ್ಚೇನೂ ಆಗದು. ಆಗಲೂ ಡಿಲೀಟ್ ಬೇಡ, ಪ್ರೈವೇಟ್ ಮಾಡಿಟ್ಟುಕೊಳ್ಳಿ. ಪ್ರೈವೇಟಿನ ಗಂಟೆಯೂ ಲೆಕ್ಕಕ್ಕೆ ಬರುವುದಿಲ್ಲ ನಿಜ, ಆದರೆ ಮನಸ್ಸು ಬದಲಾದರೆ ಮತ್ತೆ ಪಬ್ಲಿಕ್ ಮಾಡಬಹುದು. ಡಿಲೀಟ್ ಆದದ್ದು ಬರುವುದಿಲ್ಲ.

ಉಳಿದ 23 ವಿಡಿಯೊ ನಾನೇ ತೆಗೆದವು. ಅದರಿಂದಲೇ ಮತ್ತೆ ಕಟ್ಟತೊಡಗಿದೆ. ಆಗ 365 ದಿನದ ಕಾಟ ಶುರುವಾಯಿತು. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದ ಮೇಲೆ ಮಳೆಗಾಲದಲ್ಲಿ ನೋಡುವವರು ಕಡಿಮೆ. ತಿರುಗಾಟ ಮತ್ತೆ ಶುರುವಾಗುವ ಹೊತ್ತಿಗೆ ಹಿಂದಿನ ವರ್ಷದ ಗಂಟೆ ಹಿಂದಿನಿಂದ ಉದುರತೊಡಗಿತು. ಐದು ಗಂಟೆ ಸೇರಿದ ದಿನ ಏಳು ಹೋಗುತ್ತಿತ್ತು. ಸದ್ಯಕ್ಕೆ ನನ್ನ ಕಣ್ಣು ಚಿಕ್ಕ ಮೆಟ್ಟಿಲಿನ ಮೇಲಿದೆ. 500 ಸಬ್‌ಸ್ಕ್ರೈಬರ್, 90 ದಿನದಲ್ಲಿ ಮೂರು ಪಬ್ಲಿಕ್ ವಿಡಿಯೊ, 3,000 ಗಂಟೆ ಇದ್ದರೆ ಮೆಂಬರ್‌ಶಿಪ್, ಸೂಪರ್ ಥ್ಯಾಂಕ್ಸ್ ಅಂಥವಕ್ಕೆ ಅರ್ಜಿ ಹಾಕಬಹುದು. ಜಾಹೀರಾತಿನ ಪಾಲು ಇದರಲ್ಲಿಲ್ಲ. ಪರಿಶೀಲನೆ ಇದಕ್ಕೂ ಇದೆ, ಚಿಕ್ಕ ಮೆಟ್ಟಿಲು ಅಂತ ಮರುಬಳಕೆಗೆ ಮಾಫಿ ಇಲ್ಲ.

ಇವತ್ತು ಬೆಳಿಗ್ಗೆ Earn ಪುಟದಲ್ಲಿ 2,210 ಇತ್ತು. ಗುಂಪಿನಲ್ಲಿ ರೇಟ್ ಕೇಳಿದ ಇಬ್ಬರಿಗೂ ನನ್ನ ಎರಡು ಸ್ಕ್ರೀನ್‌ಶಾಟ್ ಕಳಿಸಿದ್ದೇನೆ, ಅನಲಿಟಿಕ್ಸಿನದ್ದು ಮತ್ತು Earn ಪುಟದ್ದು, ಎರಡೂ ಒಂದೇ ದಿನದವು. ಒಬ್ಬ ಸುಮ್ಮನಾದ. ಇನ್ನೊಬ್ಬ ‘ಈಗಾಗಲೇ ಎರಡು ಸಾವಿರ ಅಡ್ವಾನ್ಸ್ ಕೊಟ್ಟಾಯ್ತು ಮಾರಾಯ್ರೆ’ ಅಂದ.