ತರಕಾರಿ ಸಂತೆ ಆ್ಯಪ್: ಒಬ್ಬನಿಗೆ ಎರಡು ಸ್ಟಾರ್, ಸಂಘಕ್ಕೆ ನಾಲ್ಕು (ನಮ್ಮ ಸಹಕಾರ ಸಂಘದ ಸಭೆಯಲ್ಲಿ ಹೇಳಿದ್ದು)

ಅಧ್ಯಕ್ಷರೇ, ನಿರ್ದೇಶಕರೇ, ಸದಸ್ಯರೇ,

ಹೋದ ವರ್ಷದ ಮುಂಗಾರಿನಿಂದ ನನ್ನ ಟೊಮೆಟೊವನ್ನು ಮಂಡಿಗೂ ಹಾಕುತ್ತಿದ್ದೇನೆ, ಆ್ಯಪ್‌ನಲ್ಲೂ ಮಾರುತ್ತಿದ್ದೇನೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನವರು ಸಂಜೆಯೊಳಗೆ ಆರ್ಡರ್ ಹಾಕುತ್ತಾರೆ. ಬೆಳಿಗ್ಗೆ ಅಷ್ಟನ್ನೇ ಕಿತ್ತು ಕಳಿಸುವುದು. ರೇಟು ಜಾಸ್ತಿ ಸಿಗುತ್ತೆ ನಿಜ. ಆದರೆ ಲೆಕ್ಕ ಬಿಡಿಸಿ ನೋಡೋಣ.

ಹದಿನೈದು ಕೆ.ಜಿ.ಯ ಹತ್ತು ಬಾಕ್ಸ್ ಇದೆ ಅಂದುಕೊಳ್ಳಿ. ಮಂಡಿಯಲ್ಲಿ ಕೆ.ಜಿ.ಗೆ 18 ರೂಪಾಯಿ ಆದರೆ 2,700. ನೂರಕ್ಕೆ ಹತ್ತು ಕಮಿಷನ್, ಬಾಡಿಗೆ 200, ಹಮಾಲಿ 50 ಹೋದರೆ ಕೈಗೆ 2,180. ಆ್ಯಪ್‌ನವರು ಆಯ್ದ ಕಾಯಿಯನ್ನೇ ತಗೊಳ್ಳುತ್ತಾರೆ. ಸೀಳಿದ್ದು, ಚುಕ್ಕೆ ಬಿದ್ದದ್ದು ಅಂತ 20 ಕೆ.ಜಿ. ಬದಿಗೆ ಹೋಗುತ್ತೆ. ಉಳಿದ 130 ಕೆ.ಜಿ.ಗೆ 27ರಂತೆ 3,510. ಆ್ಯಪ್‌ನ ಪಾಲು ನೂರಕ್ಕೆ ಎಂಟು, ಅಂದರೆ 281. ಚೀಲಗಳ ಖರ್ಚು 130. ಬದಿಗಿಟ್ಟದ್ದನ್ನು ಊರಲ್ಲೇ ಎಂಟು ರೂಪಾಯಿಗೆ ಮಾರಿದರೆ 160 ಬರುತ್ತೆ. ಅಲ್ಲಿಗೆ 3,259 ಆಯ್ತು.

ಇನ್ನು ಗಾಡಿ. ಒಬ್ಬನೇ ಕರೆಸಿದರೆ ಬಾಡಿಗೆ 1,600, ಉಳಿಯುವುದು 1,659. ಮಂಡಿಯೇ ವಾಸಿ ಅಲ್ವಾ? ಅದೇ ಗಾಡಿಯಲ್ಲಿ ನಾಲ್ಕು ಜನರ ಮಾಲು ಹೋದರೆ ತಲೆಗೆ 400. ಆಗ ಉಳಿಯುವುದು 2,859, ಮಂಡಿಗಿಂತ 679 ಜಾಸ್ತಿ. ಲಾಭ ಇರುವುದು ಫೋನಿನಲ್ಲಲ್ಲ, ಕೂಡಿ ಕಳಿಸುವುದರಲ್ಲಿ. ಇದೇನು ಹೊಸದಲ್ಲ. ಹಾಪ್‌ಕಾಮ್ಸ್ 1959ರಲ್ಲಿ ಶುರುವಾದದ್ದೂ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿಯೇ.

ತೊಂದರೆಗಳನ್ನೂ ಹೇಳಿಬಿಡುತ್ತೇನೆ. ಆರ್ಡರ್ ಹಿಡಿದ ಮೇಲೆ ರಾತ್ರಿ ಜೋರು ಮಳೆ ಬಂದರೆ ಬೆಳಿಗ್ಗೆ ಕೀಳಲಾಗದು. ಆರ್ಡರ್ ತಪ್ಪಿದರೆ ಗಿರಾಕಿ ಒಂದು ಸ್ಟಾರ್ ಒತ್ತುತ್ತಾನೆ, ಮುಂದಿನ ವಾರ ನಮ್ಮ ಮಾಲು ಪಟ್ಟಿಯ ಕೆಳಗೆ ಹೋಗುತ್ತೆ. ಪೂರ್ತಿ ಕೆಂಪಾದದ್ದನ್ನು ಕಳಿಸಿದರೆ ದಾರಿಯಲ್ಲೇ ಮೆತ್ತಗಾಗುತ್ತೆ, ದೋರೆಗಾಯಿಯನ್ನೇ ಕೀಳಬೇಕು. ದುಡ್ಡು ವಾರಕ್ಕೊಮ್ಮೆ ಖಾತೆಗೆ ಬರುತ್ತೆ, ಕೂಲಿಯವರು ಅಷ್ಟು ದಿನ ಕಾಯಲ್ಲ. ಎಲ್ಲಕ್ಕಿಂತ ದೊಡ್ಡದು, ಬೆಳೆ ಒಟ್ಟಿಗೆ ಬಂದು ರೇಟು ಬಿದ್ದಾಗ ಆ್ಯಪ್ ಏನೂ ಮಾಡಲ್ಲ. ಅಪಾರ್ಟ್‌ಮೆಂಟ್‌ನವರು ಅಗ್ಗ ಅಂತ ದಿನಾ ನಾಲ್ಕು ಕೆ.ಜಿ. ತಿನ್ನುವುದಿಲ್ಲ. ಮಂಡಿಯವರಿಂದ ಮುಂಗಡ ತಂದವರಂತೂ ಮಾಲನ್ನು ಅಲ್ಲಿಗೇ ಹಾಕಬೇಕು. ಹಾಗಾಗಿ ಯಾರಿಗೂ ಮಂಡಿ ಬಿಡಿ ಅಂತ ನಾನು ಹೇಳುವುದಿಲ್ಲ.

ನಾನು ಕೇಳುವುದು ಇಷ್ಟು. ಸಂಘದ ಹೆಸರಲ್ಲಿ ಒಂದೇ ಖಾತೆ ತೆರೆಯಿರಿ. ಯಾರ ಹತ್ತಿರ ಎಷ್ಟು ಮಾಲಿದೆ ಅಂತ ಸಂಜೆ ಕಾರ್ಯದರ್ಶಿಗಳು ಫೋನಿನಲ್ಲಿ ಕೇಳಿ ತುಂಬಲಿ, ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಂದಿರೂ ಮಾರಬಹುದು. ಗೋಡೌನ್ ಮುಂದೆ ಒಂದು ತಕ್ಕಡಿ, ಆಯುವುದಕ್ಕೆ ಇಬ್ಬರು ಹೆಂಗಸರು ಸಾಕು. ತೂಕದ ಚೀಟಿ ನೋಡಿ ಅರ್ಧ ದುಡ್ಡನ್ನು ಸಂಘ ಅವತ್ತೇ ಕೊಡಲಿ, ಆ್ಯಪ್‌ನಿಂದ ಬಂದಾಗ ಮುರಿದುಕೊಳ್ಳಲಿ. ಮೊದಲು ಟೊಮೆಟೊ ಒಂದೇ ಸಾಕು. ಸೊಪ್ಪಿಗೆ ಈಗಲೇ ಕೈಹಾಕಬೇಡಿ, ಅದು ಬಿಸಿಲೇರುವಷ್ಟರಲ್ಲಿ ಬಾಡುತ್ತೆ.